ಮಂಗಳವಾರದ ಕರೆ, ಬುಧವಾರದ ನಡಾವಳಿ



ಇಂದು ನಾನು ಮಾತಿಗೆ ಎತ್ತಿಕೊಂಡಿರುವುದು ಒಂದೇ ಒಂದು ಪುಟದ ಗದ್ಯ. ವಿದೇಶದಲ್ಲಿರುವ ಸಹೋದ್ಯೋಗಿಗಳ ಜೊತೆ ಕಂಪ್ಯೂಟರ್ ಮುಂದೆ ಕೂತು ಒಂದು ಗಂಟೆ ಇಂಗ್ಲಿಷಿನಲ್ಲಿ ಮಾತಾಡಿದ ಮೇಲೆ, ಯಾರೋ ಒಬ್ಬರು ಆ ಮಾತಿನ ಸಾರವನ್ನು ಬರೆದು ಎಲ್ಲರಿಗೂ ಕಳಿಸುತ್ತಾರೆ. ಅದರ ಕೊನೆಯಲ್ಲಿ ಯಾರು ಏನು ಮಾಡಬೇಕು ಎಂಬ ಪಟ್ಟಿ ಇರುತ್ತದೆ. ಮಾತಾಡಿದವರು ನಾಲ್ಕೈದು ಜನ. ಕೆಲಸ ಮಾಡಬೇಕಾದವರು ಹೊಲದಲ್ಲಿ, ಗೋದಾಮಿನಲ್ಲಿ, ಗ್ರೇಡಿಂಗ್ ಮೇಜಿನ ಮುಂದೆ ಇರುವ ನಲವತ್ತು ಐವತ್ತು ಜನ. ಅವರಿಗೆ ಆ ಪುಟ ಕನ್ನಡದಲ್ಲಿ ತಲುಪಬೇಕು. ಇಂಥ ಪುಟಗಳನ್ನು ಕನ್ನಡಕ್ಕೆ ತರುವ ಕೆಲಸವನ್ನು ನಾನು ಬಹುಕಾಲ ಮಾಡಿದ್ದೇನೆ. ಅದರಲ್ಲಿ ಕಲಿತದ್ದನ್ನು ಒಂದು ಉದಾಹರಣೆಯ ಮೂಲಕ ನಿಮ್ಮ ಮುಂದಿಡುತ್ತೇನೆ.

ಉದಾಹರಣೆಗೆ ಮಿಡಿಸೌತೆಯನ್ನು ಆರಿಸಿಕೊಂಡಿದ್ದೇನೆ. ನಮ್ಮ ಊಟದ ತಟ್ಟೆಗೆ ಬಾರದ, ಬೆಳೆದದ್ದೆಲ್ಲ ಹಡಗು ಹತ್ತುವ ಬೆಳೆ ಅದು. 1990ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿ ಸಣ್ಣದಾಗಿ ಶುರುವಾಗಿ ತಮಿಳುನಾಡು, ಆಂಧ್ರ, ತೆಲಂಗಾಣಗಳಿಗೆ ಹಬ್ಬಿತು. ಕೇಂದ್ರ ಸರ್ಕಾರದ ಲೆಕ್ಕದಂತೆ 2020-21ರಲ್ಲಿ ಭಾರತದಿಂದ ಹೊರಹೋದ ಸೌತೆ ಮತ್ತು ಮಿಡಿಸೌತೆ 2,23,515 ಟನ್. ಸುಮಾರು 90,000 ಸಣ್ಣ ರೈತರು ಇದನ್ನು ಒಪ್ಪಂದದ ಮೇಲೆ ಬೆಳೆಯುತ್ತಾರೆ. ಬೀಜ, ಗೊಬ್ಬರ, ಔಷಧಿ ಕಂಪನಿಯಿಂದ ಬರುತ್ತದೆ, ಕಾಯಿ ಕಂಪನಿಗೆ ಹೋಗುತ್ತದೆ. ನಡುವೆ ಓಡಾಡುವವರು ಕ್ಷೇತ್ರದ ಮೇಲ್ವಿಚಾರಕರು. ಊರಿನವರು ಅವರನ್ನು ಫೀಲ್ಡ್‌ಮನ್ ಎನ್ನುತ್ತಾರೆ. ಕೊಳ್ಳುವವರು ಅಮೆರಿಕ, ಜರ್ಮನಿ, ಫ್ರಾನ್ಸ್, ಸ್ಪೇನ್‌ಗಳಲ್ಲಿದ್ದಾರೆ. ಹೀಗಾಗಿ ಜರ್ಮನಿಯ ಗುಣಮಟ್ಟ ವಿಭಾಗದಲ್ಲಿ ಆಡಿದ ಒಂದು ವಾಕ್ಯ ಎರಡು ದಿನದಲ್ಲಿ ಬಯಲುಸೀಮೆಯ ಒಬ್ಬ ರೈತನ ಸಿಂಪಡಣೆ ಪಂಪಿನವರೆಗೆ ಬಂದು ಮುಟ್ಟುತ್ತದೆ.

ಮುಂದೆ ಹೇಳುವ ಸಭೆ ಉದಾಹರಣೆಗಾಗಿ ನಾನೇ ಕಟ್ಟಿಕೊಂಡದ್ದು. ಕಡೂರು, ತರೀಕೆರೆ, ಅಜ್ಜಂಪುರ ಮೂರು ಕಡೆ ಕಾಯಿ ಕೊಳ್ಳುವ ಕೇಂದ್ರಗಳಿರುವ ಒಂದು ತಂಡ, ಜರ್ಮನಿಯ ಒಬ್ಬ ಖರೀದಿದಾರ ಎಂದು ಇಟ್ಟುಕೊಳ್ಳಿ. ಕರೆ ನಡೆದದ್ದು 2025ರ ಜೂನ್ 17, ಮಂಗಳವಾರ, ಅಲ್ಲಿಯ ಗಡಿಯಾರದಲ್ಲಿ ಮಧ್ಯಾಹ್ನ ಎರಡು ಗಂಟೆ, ಇಲ್ಲಿ ಸಂಜೆ ಐದೂವರೆ. ಬುಧವಾರ ಬೆಳಿಗ್ಗೆ ಇಂಗ್ಲಿಷ್ ಪುಟ ಬಂತು. ಅದರಲ್ಲಿ ಐದು ಅಂಶಗಳು. ಒಂದನೆಯದು: ಅಜ್ಜಂಪುರದ ಒಂದು ಲಾಟಿನ ಮಾದರಿಯಲ್ಲಿ ಕ್ಲೋರ್‌ಪೈರಿಫಾಸ್ ಶೇಷ ಮಿತಿಗಿಂತ ಹೆಚ್ಚು ಕಂಡಿದೆ, ಸಂಬಂಧಿಸಿದ ತಾಕುಗಳ ಸಿಂಪಡಣೆ ದಾಖಲೆಗಳು 27ನೆಯ ವಾರದ ಹೊತ್ತಿಗೆ ಸಿಕ್ಕರೆ ಒಳ್ಳೆಯದು. ಎರಡನೆಯದು: ಸಿಂಪಡಣೆಗೂ ಕೊಯ್ಲಿಗೂ ನಡುವೆ ಕನಿಷ್ಠ ಮೂರು ದಿನದ ಅಂತರವನ್ನು ಕ್ಷೇತ್ರದ ತಂಡ ಖಾತ್ರಿಪಡಿಸಬೇಕು. ಮೂರನೆಯದು: ಮೇಲಿನ ಗ್ರೇಡಿನ ಪಾಲು ಹೆಚ್ಚಬೇಕು. ನಾಲ್ಕನೆಯದು: ಪರಿಷ್ಕೃತ ಔಷಧಿ ಪಟ್ಟಿಯನ್ನು ನಾವು ಶೀಘ್ರದಲ್ಲಿ ಹಂಚಿಕೊಳ್ಳುತ್ತೇವೆ. ಐದನೆಯದು: ಡ್ರಮ್ಮುಗಳ ಲೇಬಲ್ ಬದಲಾವಣೆ ಚರ್ಚೆಯಾಯಿತು.

ಇದನ್ನು ಪದಕ್ಕೆ ಪದ ಇಟ್ಟು ಕನ್ನಡ ಮಾಡಲು ಅರ್ಧ ಗಂಟೆ ಸಾಕು. ಆದರೆ ಆ ಕನ್ನಡ ಓದಿದ ಅಜ್ಜಂಪುರದ ಮೇಲ್ವಿಚಾರಕರಿಗೆ ನಾಳೆ ಬೆಳಿಗ್ಗೆ ಬೈಕ್ ಯಾವ ಕಡೆ ತಿರುಗಿಸಬೇಕು ಎಂಬುದು ತಿಳಿಯುವುದಿಲ್ಲ. ಅದು ತಿಳಿಯುವಂತೆ ಬರೆಯಬೇಕು. ಸಭೆಯಲ್ಲಿ ಇಲ್ಲದಿದ್ದ ಮಾತನ್ನು ಸೇರಿಸಲೂಬಾರದು. ಈ ಎರಡು ಬೇಡಿಕೆಗಳು ಪ್ರತಿ ಸಾಲಿನಲ್ಲೂ ಒಂದನ್ನೊಂದು ಎಳೆದಾಡುತ್ತವೆ.

ಮೊದಲು ‘ಯಾರು’ ಎಂಬುದನ್ನು ನೋಡೋಣ. ನಡಾವಳಿ ಬರೆಯುವ ಒಂದು ಗಟ್ಟಿ ರೂಢಿ ನಮ್ಮಲ್ಲಿದೆ. ಗ್ರಾಮ ಪಂಚಾಯಿತಿಯ ಪುಸ್ತಕದಲ್ಲಿ, ಹಾಲಿನ ಸಂಘದ ಪುಸ್ತಕದಲ್ಲಿ ಅದನ್ನು ಎಲ್ಲರೂ ಕಂಡಿದ್ದೇವೆ. ‘ಸರ್ವಾನುಮತದಿಂದ ತೀರ್ಮಾನಿಸಲಾಯಿತು’, ‘ಸೂಕ್ತ ಕ್ರಮ ಕೈಗೊಳ್ಳುವುದು’, ‘ಮಾಹಿತಿ ಸಲ್ಲಿಸಲಾಗುವುದು’. ಠರಾವಿಗೆ ಈ ಶೈಲಿ ಒಪ್ಪುತ್ತದೆ. ಠರಾವು ಇಡೀ ಸಭೆಯ ಮಾತು, ಕೆಳಗೆ ಸೂಚಕರ, ಅನುಮೋದಕರ ಹೆಸರಿರುತ್ತದೆ. ಕೆಲಸದ ಪಟ್ಟಿಗೆ ಇದೇ ಶೈಲಿ ಬಂದರೆ ಕೆಲಸ ಮಾಡುವವರೇ ವಾಕ್ಯದಿಂದ ಕಾಣೆಯಾಗುತ್ತಾರೆ. ‘ದಾಖಲೆಗಳನ್ನು ಕಳುಹಿಸುವುದು’ ಎಂದು ಬರೆದರೆ ಕಡೂರಿನವರು ಅಜ್ಜಂಪುರದವರು ಕಳಿಸುತ್ತಾರೆ ಅಂದುಕೊಳ್ಳುತ್ತಾರೆ, ಅಜ್ಜಂಪುರದವರು ಕಚೇರಿಯವರು ಕಳಿಸುತ್ತಾರೆ ಅಂದುಕೊಳ್ಳುತ್ತಾರೆ. ಯಾರದೂ ಉದಾಸೀನವಲ್ಲ. ವಾಕ್ಯ ಯಾರನ್ನೂ ಕರೆದಿಲ್ಲ, ಅಷ್ಟೇ.

ಕನ್ನಡದ ಕ್ರಿಯಾಪದಕ್ಕೆ ಕರ್ತೃವನ್ನು ತನ್ನ ಬಾಲದಲ್ಲೇ ಹೊತ್ತು ತರುವ ಶಕ್ತಿಯಿದೆ. ‘ಕಳಿಸುತ್ತೇನೆ, ಕಳಿಸುತ್ತಾರೆ, ಕಳಿಸುತ್ತೀರಿ’ ಎಂದಾಗ ಯಾರೆಂಬ ಅನುಮಾನ ಅರ್ಧ ಕಳೆಯುತ್ತದೆ. ಆದ್ದರಿಂದ ನಾನು ‘ಕಳುಹಿಸುವುದು’ ಬಿಟ್ಟು ‘ಅಜ್ಜಂಪುರ ಕೇಂದ್ರದ ಮೇಲ್ವಿಚಾರಕರು ಕಳಿಸುತ್ತಾರೆ’ ಎಂದು ಬರೆಯುತ್ತೇನೆ. ಇದರಲ್ಲಿ ಮರ್ಯಾದೆಯೂ ಇದೆ, ಹೊಣೆಯೂ ಇದೆ. ‘ಕಳಿಸಿ’ ಎಂದರೆ ಆಜ್ಞೆಯಾಗುತ್ತದೆ. ಅನುವಾದಕನಿಗೆ ಆಜ್ಞೆ ಮಾಡುವ ಅಧಿಕಾರವಿಲ್ಲ. ‘ಕಳಿಸಬೇಕು’ ಎಂದು ಬರೆಯಬಹುದು, ಆದರೆ ಆಗ ಮುಂದೆ ಕರ್ತೃವನ್ನು ಕಡ್ಡಾಯವಾಗಿ ಇಡಬೇಕು. ಏಕೆಂದರೆ ‘ಬೇಕು’ ಎಂಬ ರೂಪ ಯಾರಿಗೂ ಬದಲಾಗದೆ ಹಾಗೇ ನಿಲ್ಲುತ್ತದೆ.

ನಾಲ್ಕನೆಯ ಅಂಶದಲ್ಲಿ ಇದೇ ತೊಡಕು ಇನ್ನೊಂದು ವೇಷದಲ್ಲಿ ಬರುತ್ತದೆ. ‘ಪಟ್ಟಿಯನ್ನು ನಾವು ಹಂಚಿಕೊಳ್ಳುತ್ತೇವೆ’ ಎಂದಿದೆ. ಯಾವ ನಾವು? ಆ ಪುಟ ಬರೆದವರು ಜರ್ಮನಿಯವರು, ಆದ್ದರಿಂದ ಅದು ಅವರ ನಾವು. ಅದೇ ಸಾಲು ಕನ್ನಡಕ್ಕೆ ಬಂದು ತರೀಕೆರೆಯ ಕೇಂದ್ರದ ಗೋಡೆಗೆ ಅಂಟಿದಾಗ ‘ನಾವು’ ಎಂದರೆ ತರೀಕೆರೆಯವರೇ ಆಗಿಬಿಡುತ್ತದೆ. ಇಂಗ್ಲಿಷ್ ಪುಟದ ಪ್ರತಿಯೊಂದು ‘ನಾವು’ ಕನ್ನಡದಲ್ಲಿ ಒಂದು ಹೆಸರಾಗಬೇಕು: ‘ಖರೀದಿದಾರರ ಗುಣಮಟ್ಟ ವಿಭಾಗ’, ‘ನಮ್ಮ ಬೆಂಗಳೂರು ಕಚೇರಿ’, ‘ಮೂರು ಕೇಂದ್ರಗಳು’. ಅವರು ಮಾಡಬೇಕಾದ ಕೆಲಸವೂ ನಮ್ಮ ಪಟ್ಟಿಯಲ್ಲಿ ಇರಲೇಬೇಕು. ಅವರ ಪಟ್ಟಿ ಬರುವವರೆಗೆ ನಮ್ಮವರು ಯಾವ ಔಷಧಿ ಕೊಡಬೇಕು ಎಂಬುದು ಅದರ ಮೇಲೆ ನಿಂತಿದೆ.

ಇನ್ನು ‘ಯಾವಾಗ’. 27ನೆಯ ವಾರ ಎಂದರೆ ನಮ್ಮ ಜನಕ್ಕೆ ಏನೂ ಅಲ್ಲ. ಯುರೋಪಿನ ಕಚೇರಿಗಳಲ್ಲಿ ವರ್ಷದ ವಾರಗಳಿಗೆ ಸಂಖ್ಯೆ ಕೊಟ್ಟು ಎಣಿಸುವ ರೂಢಿ ಇದೆ. ವಾರ ಸೋಮವಾರ ಶುರು. ವರ್ಷದ ಮೊದಲ ಗುರುವಾರ ಯಾವ ವಾರದಲ್ಲಿ ಬೀಳುತ್ತದೋ ಅದು ಒಂದನೆಯ ವಾರ. ಆ ಲೆಕ್ಕದಲ್ಲಿ 2025ರ 27ನೆಯ ವಾರ ಜೂನ್ 30ರಿಂದ ಜುಲೈ 6ರವರೆಗೆ. ಇಷ್ಟು ಗೊತ್ತಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಆ ವಾರ ಶುರುವಾಗುವ ಮುಂಚೆ ಕೊಡಬೇಕೋ, ಮುಗಿಯುವುದರೊಳಗೆ ಕೊಡಬೇಕೋ? ಎರಡರ ನಡುವೆ ಒಂದು ವಾರದ ಅಂತರವಿದೆ. ಕನ್ನಡದಲ್ಲಿ ‘ಒಳಗೆ’ ಎಂದು ಬರೆದು ಜಾರಿಕೊಳ್ಳಬಹುದು, ಆದರೆ ‘ಶುಕ್ರವಾರದೊಳಗೆ’ ಎಂದರೆ ಶುಕ್ರವಾರ ಸೇರಿತೋ ಇಲ್ಲವೋ ಎಂದು ನಮ್ಮಲ್ಲೇ ಇಬ್ಬರು ಎರಡು ರೀತಿ ತಿಳಿಯುತ್ತಾರೆ. ಹಾಗಾಗಿ ದಿನ, ತಿಂಗಳ ಹೆಸರು, ವಾರ, ಗಂಟೆ ನಾಲ್ಕನ್ನೂ ಬರೆಯುವುದು ನನ್ನ ಪದ್ಧತಿ: ಜುಲೈ 4, ಶುಕ್ರವಾರ, ಸಂಜೆ 5 ಗಂಟೆ. ತಿಂಗಳನ್ನು ಅಂಕಿಯಲ್ಲಿ ಬರೆಯುವುದಿಲ್ಲ. 4/7 ಎಂಬುದನ್ನು ಅಮೆರಿಕದವರು ಏಪ್ರಿಲ್ 7 ಎಂದು ಓದುತ್ತಾರೆ.

ಗಂಟೆಯ ವಿಷಯದಲ್ಲಿ ಒಂದು ಎಚ್ಚರ. ಜರ್ಮನಿಗೂ ನಮಗೂ ಬೇಸಿಗೆಯಲ್ಲಿ ಮೂರೂವರೆ ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ ನಾಲ್ಕೂವರೆ. ಮಾರ್ಚಿನ ಕೊನೆಯ ಭಾನುವಾರ, ಅಕ್ಟೋಬರಿನ ಕೊನೆಯ ಭಾನುವಾರ ಅವರು ಗಡಿಯಾರ ತಿದ್ದುತ್ತಾರೆ, ನಮ್ಮದು ಹಾಗೇ ಇರುತ್ತದೆ. ಶುಕ್ರವಾರ ದಿನದ ಕೊನೆಗೆ ಪ್ರಯೋಗಾಲಯದ ವರದಿ ಕಳಿಸುತ್ತೇವೆ ಎಂದು ಅವರು ಹೇಳಿದರೆ ಅಲ್ಲಿ ಸಂಜೆ ಆರು, ಇಲ್ಲಿ ರಾತ್ರಿ ಒಂಬತ್ತೂವರೆ. ನಮ್ಮ ತಂಡದ ಪಾಲಿಗೆ ಅದು ಶನಿವಾರ ಬೆಳಗಿನ ವರದಿ. ಹಾಗೆಂದೇ ಬರೆಯಬೇಕು. ಇಲ್ಲದಿದ್ದರೆ ಶುಕ್ರವಾರ ಸಂಜೆಯವರೆಗೂ ಒಬ್ಬರು ಕಚೇರಿಯಲ್ಲಿ ಕಾದು ಕೂರುತ್ತಾರೆ.

ಮೂರನೆಯ ಅಂಶ ಮಿಡಿಸೌತೆ ಬಲ್ಲವರಿಗೆ ಮಾತ್ರ ಹೊಳೆಯುವಂಥದು. ‘ಮೇಲಿನ ಗ್ರೇಡು’ ಎಂದರೆ ಯಾವುದು? ಮಿಡಿಸೌತೆಯನ್ನು ಒಂದು ಕಿಲೋಗೆ ಎಷ್ಟು ಕಾಯಿ ಬರುತ್ತದೆ ಎಂಬುದರ ಮೇಲೆ ವಿಂಗಡಿಸುತ್ತಾರೆ. 30ರಿಂದ 60, 60ರಿಂದ 100, 100ರಿಂದ 160, ಆಮೇಲೆ 160ಕ್ಕೂ ಹೆಚ್ಚು. ಅಂಕಿ ದೊಡ್ಡದಾದಷ್ಟೂ ಕಾಯಿ ಸಣ್ಣದು, ಸಣ್ಣ ಕಾಯಿಗೆ ಹೆಚ್ಚು ಬೆಲೆ. ‘ದೊಡ್ಡ ಗ್ರೇಡಿನ ಕಾಯಿ ಹೆಚ್ಚಾಗಿ ಬೇಕು’ ಎಂದು ಅನುವಾದಿಸಿಬಿಟ್ಟರೆ ರೈತರು ಕಾಯಿಯನ್ನು ಇನ್ನೊಂದು ದಿನ ಬಳ್ಳಿಯಲ್ಲೇ ಬಿಟ್ಟು ದಪ್ಪ ಮಾಡಿ ತರುತ್ತಾರೆ; ಖರೀದಿದಾರರು ಬಯಸಿದ್ದಕ್ಕೆ ಪೂರಾ ವಿರುದ್ಧ. ಆದ್ದರಿಂದ ಕನ್ನಡದಲ್ಲಿ ಅಂಕಿಯನ್ನೇ ಬರೆಯಬೇಕು, ಜೊತೆಗೆ ‘ಸಣ್ಣ ಕಾಯಿ’ ಎಂದೂ ಬರೆಯಬೇಕು. ಅಂಕಿ ಬರೆಯುವಾಗ ಇನ್ನೊಂದನ್ನು ನೋಡಿಕೊಳ್ಳಬೇಕು. ಜರ್ಮನಿಯವರು ದಶಮಾಂಶಕ್ಕೆ ಅಲ್ಪವಿರಾಮ, ಸಾವಿರಕ್ಕೆ ಚುಕ್ಕೆ ಹಾಕುತ್ತಾರೆ. ಅವರ ಕೋಷ್ಟಕದಲ್ಲಿ 1.500 ಎಂದಿದ್ದರೆ ಅದು ಒಂದೂವರೆ ಸಾವಿರ ಕಿಲೋ. ನಾವು ಓದುವುದು ಒಂದೂವರೆ ಕಿಲೋ ಎಂದು.

ಈಗ ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದ ಭಾಗಕ್ಕೆ, ಮೊದಲ ಎರಡು ಅಂಶಗಳಿಗೆ ಬರುತ್ತೇನೆ.

ಕ್ಲೋರ್‌ಪೈರಿಫಾಸ್ ಬಳಕೆಗೆ ಯುರೋಪಿನ ಒಕ್ಕೂಟ 2020ರಲ್ಲಿ ಅನುಮತಿ ಮುಂದುವರಿಸಲಿಲ್ಲ. ಅದೇ ವರ್ಷ ಆಹಾರದಲ್ಲಿ ಅದರ ಶೇಷದ ಮಿತಿಯನ್ನು ಕಿಲೋಗೆ 0.01 ಮಿಲಿಗ್ರಾಂಗೆ ಇಳಿಸಿತು. ಈ ಅಂಕಿ ಹೊಲದ ಮನುಷ್ಯನಿಗೆ ಹಿಡಿಯುವುದಿಲ್ಲ. ಸಾವಿರ ಟನ್ ಕಾಯಿಯಲ್ಲಿ ಹತ್ತು ಗ್ರಾಂ ಎಂದರೆ ಹಿಡಿಯುತ್ತದೆ. ಲೆಕ್ಕ ಒಂದೇ, ಮೂಲದ ಅಂಕಿಯನ್ನೂ ಉಳಿಸಿ ಪಕ್ಕದಲ್ಲಿ ಇದನ್ನು ಬರೆಯುತ್ತೇನೆ. ಅಷ್ಟು ಸಣ್ಣ ಪ್ರಮಾಣ ಎಂದ ಮೇಲೆ ಅದು ರೈತ ತಾನೇ ಮಿಡಿಸೌತೆಗೆ ಹೊಡೆದದ್ದರಿಂದ ಬಂದಿರಬಹುದು, ಪಕ್ಕದ ಹೊಲಕ್ಕೆ ಹೊಡೆದದ್ದು ಗಾಳಿಗೆ ತೇಲಿ ಬಂದಿರಬಹುದು, ಬೇರೆ ಬೆಳೆಗೆ ಬಳಸಿದ ಪಂಪನ್ನು ತೊಳೆಯದೆ ಬಳಸಿದ್ದರಿಂದಲೂ ಬಂದಿರಬಹುದು.

ಇಂಗ್ಲಿಷ್ ಪುಟದಲ್ಲಿ ಕಾರಣದ ಮಾತೇ ಇಲ್ಲ. ಶೇಷ ಕಂಡಿದೆ, ದಾಖಲೆ ಬೇಕು, ಅಷ್ಟೇ. ಕನ್ನಡದಲ್ಲಿ ಅವಸರದಿಂದ ‘ಅಜ್ಜಂಪುರದ ರೈತರು ನಿಷೇಧಿತ ಔಷಧಿ ಹೊಡೆದಿರುವುದು ಪತ್ತೆಯಾಗಿದೆ’ ಎಂದು ಬರೆದರೆ ಭಾಷೆಯಲ್ಲಿ ತಪ್ಪಿಲ್ಲ, ಆದರೆ ಒಬ್ಬ ರೈತನ ಮುಂದಿನ ಬೆಳೆಯ ಒಪ್ಪಂದ ಅಲ್ಲಿಗೆ ಮುಗಿಯಬಹುದು. ಕಂಡದ್ದನ್ನು ಕಂಡಷ್ಟೇ ಹೇಳಬೇಕು, ಯಾರು ಹೇಳಿದರು ಎಂಬುದನ್ನೂ ಹೇಳಬೇಕು: ‘ಒಂದು ಮಾದರಿಯಲ್ಲಿ ಮಿತಿಗಿಂತ ಹೆಚ್ಚು ಶೇಷ ಕಂಡಿದೆ ಎಂದು ಖರೀದಿದಾರರ ಗುಣಮಟ್ಟ ವಿಭಾಗ ತಿಳಿಸಿದೆ. ಕಾರಣ ಇನ್ನೂ ತಿಳಿದಿಲ್ಲ.’ ಎರಡನೆಯ ವಾಕ್ಯ ಮೂಲದಲ್ಲಿಲ್ಲವಲ್ಲ ಎಂದು ನೀವು ಕೇಳಬಹುದು. ಅದನ್ನು ಸೇರಿಸುವ ಮುಂಚೆ ನಾನು ಕರೆಯಲ್ಲಿದ್ದ ನಮ್ಮ ವ್ಯವಸ್ಥಾಪಕರನ್ನು ಕೇಳುತ್ತೇನೆ. ಕಾರಣದ ಬಗ್ಗೆ ಮಾತಾಗಲಿಲ್ಲ ಎಂದು ಅವರು ಹೇಳಿದರೆ ಸೇರಿಸುತ್ತೇನೆ, ಇಲ್ಲದಿದ್ದರೆ ಇಲ್ಲ.

ಅದೇ ಅಂಶದಲ್ಲಿ ‘ಸಿಕ್ಕರೆ ಒಳ್ಳೆಯದು’ ಎಂಬ ಮಾತಿದೆ. ಕನ್ನಡದಲ್ಲಿ ಇದು ಸಿಗದಿದ್ದರೂ ನಡೆಯುತ್ತದೆ ಎಂಬ ಅರ್ಥ ಕೊಡುತ್ತದೆ. ಶೇಷ ಕಂಡ ಲಾಟಿನ ಬಗ್ಗೆ ಖರೀದಿದಾರರು ಹೀಗೆ ಹೇಳಿದರೆ ಅದು ವಿನಯದ ಉಡುಪು ತೊಟ್ಟ ಷರತ್ತು. ದಾಖಲೆ ಬರದಿದ್ದರೆ ಲಾಟು ನಿಲ್ಲುತ್ತದೆ. ಹಾಗಂತ ನಾನೇ ಅದನ್ನು ಷರತ್ತು ಎಂದು ಬರೆಯುವಂತಿಲ್ಲ. ನಮ್ಮ ಕಡೆಯಲ್ಲೂ ಇಂಥ ಮಾತುಗಳಿವೆ. ‘ನೋಡೋಣ’ ಎಂದರೆ ಹಲವು ಸಲ ಆಗುವುದಿಲ್ಲ ಎಂದರ್ಥ. ನಮ್ಮವರು ಕರೆಯಲ್ಲಿ ಮರ್ಯಾದೆಗೆ ‘ಪ್ರಯತ್ನಿಸುತ್ತೇವೆ’ ಎಂದದ್ದನ್ನು ಅವರು ‘ಒಪ್ಪಲಾಗಿದೆ’ ಎಂದು ಬರೆದುಕೊಂಡಿರುತ್ತಾರೆ. ಎರಡು ಕಡೆಯ ವಿನಯ ಎರಡು ಬಗೆಯದು, ಪುಟದಲ್ಲಿ ಎರಡೂ ಒಂದೇ ಮಸಿಯಲ್ಲಿ ಬರುತ್ತವೆ. ಇದಕ್ಕಿರುವ ಉಪಾಯ ಒಂದೇ, ಕೇಳುವುದು. ನಡಾವಳಿ ಬಂದ ದಿನವೇ ಎರಡು ಸಾಲಿನ ಮೇಲ್ ಬರೆದು ದಾಖಲೆ ಕಡ್ಡಾಯವೋ, ಯಾವ ದಿನದೊಳಗೆ ಎಂದು ಕೇಳಬೇಕು. ಒಂದೆರಡು ದಿನ ತಡವಾದರೆ ಆ ಪುಟವೇ ಒಪ್ಪಿತವೆಂದಾಗುತ್ತದೆ.

ಎರಡನೆಯ ಅಂಶ ಓದಲು ಬಹಳ ಸರಳ. ಔಷಧಿ ಹೊಡೆದು ಮೂರು ದಿನ ಕೊಯ್ಯಬಾರದು. ಅನುವಾದಕ್ಕೆ ಕಷ್ಟವಾದ ಪದ ಒಂದೂ ಇಲ್ಲ. ಆದರೆ ಮಿಡಿಸೌತೆಯನ್ನು ದಿನವೂ ಕೊಯ್ಯಬೇಕು. ಒಂದು ದಿನ ಬಿಟ್ಟರೆ ಕಾಯಿ ಒಂದು ಗ್ರೇಡು ಕೆಳಗೆ ಜಾರುತ್ತದೆ, ಮೂರು ದಿನ ಬಿಟ್ಟರೆ ಬಹುಪಾಲು ಕಾಯಿ ಕೊಳ್ಳುವ ಅಳತೆಯನ್ನೇ ದಾಟುತ್ತದೆ. ದಪ್ಪಗಾದ ಕಾಯಿಯನ್ನು ಬಳ್ಳಿಯಲ್ಲಿ ಬಿಟ್ಟರೆ ಹೊಸ ಮಿಡಿ ಕಟ್ಟುವುದು ಕಡಿಮೆಯಾಗುತ್ತದೆ, ಹಾಗಾಗಿ ಕಿತ್ತು ಎಸೆಯಲೇಬೇಕು. ಎಂದರೆ ಕೊಯ್ಲಿನ ಕಾಲದಲ್ಲಿ ಒಂದು ಸಿಂಪಡಣೆಗೆ ರೈತ ಮೂರು ದಿನದ ಕಾಯಿಯನ್ನೂ ಅದನ್ನು ಕೀಳುವ ಕೂಲಿಯನ್ನೂ ಕಳೆದುಕೊಳ್ಳುತ್ತಾನೆ. ಆ ನಷ್ಟ ಯಾರದು? ಮೂರನೆಯ ಅಂಶವೋ ಸಣ್ಣ ಕಾಯಿಯೇ ಹೆಚ್ಚು ಬೇಕು ಎನ್ನುತ್ತಿದೆ. ಎರಡು ಅಂಶಗಳೂ ಒಂದೇ ಹೊಲದ ಮೇಲೆ ಇಳಿಯುತ್ತವೆ.

ಇಂಗ್ಲಿಷಿನಲ್ಲಿ ಇವು ಬೇರೆ ಬೇರೆ ಸಾಲಾಗಿ ನೆಮ್ಮದಿಯಿಂದ ಇದ್ದವು. ಕನ್ನಡದಲ್ಲಿ ಬರೆಯುವಾಗ, ಓದುವ ಮೇಲ್ವಿಚಾರಕರ ಮುಖ ಕಣ್ಣೆದುರು ಬಂದಾಗ, ಅವೆರಡೂ ಡಿಕ್ಕಿ ಹೊಡೆಯುವುದು ಕಾಣುತ್ತದೆ. ಇಲ್ಲಿ ಅನುವಾದಕ ಏನು ಮಾಡಬೇಕು? ‘ಆ ದಿನಗಳ ಕಾಯಿಗೆ ಪರಿಹಾರ ಕೊಡಲಾಗುವುದು’ ಎಂದು ಕರುಣೆಯಿಂದ ಸೇರಿಸುವ ಹಾಗಿಲ್ಲ, ಅಂಥ ತೀರ್ಮಾನ ಆಗಿಲ್ಲ. ಕಂಡೂ ಕಾಣದಂತೆ ಬಿಡುವುದನ್ನೂ ನಾನು ಒಪ್ಪುವುದಿಲ್ಲ. ಹಾಗೆ ಬಿಟ್ಟರೆ ಮೇಲ್ವಿಚಾರಕರು ‘ಆಯಿತು’ ಎನ್ನುತ್ತಾರೆ, ರೈತ ಎರಡನೆಯ ದಿನಕ್ಕೇ ಕೊಯ್ದು ತರುತ್ತಾನೆ, ಪುಸ್ತಕದಲ್ಲಿ ಮೂರು ದಿನ ಎಂದು ಬರೆಯಲಾಗುತ್ತದೆ, ಮುಂದಿನ ತಿಂಗಳ ಮಾದರಿಯಲ್ಲಿ ಶೇಷ ಮತ್ತೆ ಕಾಣುತ್ತದೆ. ಸಿಂಪಡಣೆಯ ದಿನಾಂಕವನ್ನೂ ಕೇಂದ್ರದ ತೂಕದ ಚೀಟಿಯನ್ನೂ ಪಕ್ಕಪಕ್ಕ ಇಟ್ಟರೆ ಇದು ತಕ್ಷಣ ಗೊತ್ತಾಗುತ್ತದೆ: ಔಷಧಿ ಹೊಡೆದ ಮೂರು ದಿನದೊಳಗೆ ಆ ತಾಕಿನ ಕಾಯಿ ತೂಗಿದ್ದರೆ ಪುಸ್ತಕದ ಮೂರು ದಿನ ಸುಳ್ಳು.

ಅದಕ್ಕೇ ನಾನು ಪಟ್ಟಿಯ ಕೆಳಗೆ ಗೆರೆ ಎಳೆದು ‘ಅನುವಾದಕರ ಪ್ರಶ್ನೆಗಳು’ ಎಂಬ ಇನ್ನೊಂದು ಭಾಗ ಇಡುತ್ತೇನೆ. ಗೆರೆಯ ಮೇಲಿನದು ಸಭೆಯದು, ಕೆಳಗಿನದು ನನ್ನದು. ಎರಡೂ ಬೆರೆಯಬಾರದು. ಬುಧವಾರ ಕೇಳಿದ ಎರಡು ಪ್ರಶ್ನೆಗೆ ಗುರುವಾರ ಉತ್ತರ ಬಂದಿತು ಎಂದು ಇಟ್ಟುಕೊಳ್ಳಿ: ದಾಖಲೆ ಕಡ್ಡಾಯ, ಜುಲೈ 4ರ ಕಚೇರಿ ಸಮಯ ಮುಗಿಯುವ ಮುಂಚೆ. ಅದಕ್ಕಾಗಿ ಅಜ್ಜಂಪುರದ ಪುಟಗಳು ಜುಲೈ 2ಕ್ಕೆ ಕಚೇರಿಗೆ ಬರಬೇಕು ಎಂದು ನಮ್ಮ ವ್ಯವಸ್ಥಾಪಕರು ಗೊತ್ತುಮಾಡಿದರು ಎಂದೂ ಇಟ್ಟುಕೊಳ್ಳಿ. ಆಗ ತಂಡಕ್ಕೆ ಹೋಗುವ ಪುಟ ಹೀಗಿರುತ್ತದೆ.

ಜೂನ್ 17, ಮಂಗಳವಾರದ ಕರೆ: ಆಗಬೇಕಾದ ಕೆಲಸಗಳು

1. ಅಜ್ಜಂಪುರ ಕೇಂದ್ರದ ಒಂದು ಲಾಟಿನ ಮಾದರಿಯಲ್ಲಿ ಕ್ಲೋರ್‌ಪೈರಿಫಾಸ್ ಶೇಷ ಮಿತಿಗಿಂತ (ಕಿಲೋಗೆ 0.01 ಮಿಲಿಗ್ರಾಂ, ಸಾವಿರ ಟನ್‌ಗೆ 10 ಗ್ರಾಂ) ಹೆಚ್ಚು ಕಂಡಿದೆ ಎಂದು ಖರೀದಿದಾರರ ಗುಣಮಟ್ಟ ವಿಭಾಗ ತಿಳಿಸಿದೆ. ಕಾರಣ ಇನ್ನೂ ತಿಳಿದಿಲ್ಲ. ಆ ಲಾಟಿಗೆ ಕಾಯಿ ಕೊಟ್ಟ ತಾಕುಗಳ ಸಿಂಪಡಣೆ ಪುಸ್ತಕದ ಪುಟಗಳನ್ನು ಅಜ್ಜಂಪುರದ ಮೇಲ್ವಿಚಾರಕರು ಜುಲೈ 2, ಬುಧವಾರ ಸಂಜೆ 5 ಗಂಟೆಗೆ ಮುಂಚೆ ಬೆಂಗಳೂರು ಕಚೇರಿಗೆ ಕಳಿಸುತ್ತಾರೆ. ಕಚೇರಿಯವರು ಅದನ್ನು ಜುಲೈ 4, ಶುಕ್ರವಾರ ಸಂಜೆ 5 ಗಂಟೆಗೆ ಮುಂಚೆ ಖರೀದಿದಾರರಿಗೆ ಕಳಿಸುತ್ತಾರೆ. ಇದು ಕಡ್ಡಾಯ.

2. ಔಷಧಿ ಹೊಡೆದ ಮೇಲೆ ಕನಿಷ್ಠ ಮೂರು ದಿನ ಆ ತಾಕಿನ ಕಾಯಿಯನ್ನು ಮೂರು ಕೇಂದ್ರಗಳ ಮೇಲ್ವಿಚಾರಕರೂ ತೆಗೆದುಕೊಳ್ಳುವುದಿಲ್ಲ. (ಕೆಳಗಿನ ಮೊದಲ ಪ್ರಶ್ನೆ ನೋಡಿ.)

3. ಕಿಲೋಗೆ 160ಕ್ಕಿಂತ ಹೆಚ್ಚು ಬರುವ ಸಣ್ಣ ಕಾಯಿಯ ಪಾಲು ಹೆಚ್ಚಬೇಕು ಎಂದು ಖರೀದಿದಾರರು ಕೇಳಿದ್ದಾರೆ. ಎಷ್ಟು ಹೆಚ್ಚಬೇಕು, ಯಾವಾಗಿನಿಂದ ಎಂಬುದು ನಿರ್ಧಾರವಾಗಿಲ್ಲ.

4. ಬಳಸಬಹುದಾದ ಔಷಧಿಗಳ ಹೊಸ ಪಟ್ಟಿಯನ್ನು ಖರೀದಿದಾರರ ಗುಣಮಟ್ಟ ವಿಭಾಗ ಕಳಿಸುತ್ತದೆ. ದಿನಾಂಕ ಹೇಳಿಲ್ಲ.

5. ಡ್ರಮ್ಮುಗಳ ಲೇಬಲ್ ಬಗ್ಗೆ ಮಾತಾಯಿತು, ತೀರ್ಮಾನವಾಗಿಲ್ಲ. ಯಾರೂ ಏನೂ ಮಾಡಬೇಕಾಗಿಲ್ಲ.

ಅನುವಾದಕರ ಪ್ರಶ್ನೆಗಳು: ಮೊದಲನೆಯದು, ಕೊಯ್ಲು ನಿಂತ ಮೂರು ದಿನದ ಕಾಯಿಯ ನಷ್ಟ ಯಾರದು? ಎರಡನೆಯದು, ಹೊಸ ಪಟ್ಟಿ ಬರುವವರೆಗೆ ಹಳೆಯ ಪಟ್ಟಿಯ ಔಷಧಿ ಕೊಡಬಹುದೇ?

ಎರಡು ವಿಷಯ ಗಮನಿಸಿ. ಒಂದು, ಸಂಖ್ಯೆಗಳು ಇಂಗ್ಲಿಷ್ ಪುಟದಲ್ಲಿದ್ದ ಹಾಗೇ ಇವೆ. ತೀರ್ಮಾನವಾಗದ ಐದನೆಯದನ್ನು ಬಿಟ್ಟುಬಿಡೋಣ, ತುರ್ತಿನದನ್ನು ಮೇಲೆ ತರೋಣ ಎಂದು ಆಸೆಯಾಗುತ್ತದೆ. ಹಾಗೆ ಮಾಡಿದರೆ ಮುಂದಿನ ಕರೆಯಲ್ಲಿ ಅವರು ‘ನಾಲ್ಕನೆಯದು ಏನಾಯಿತು’ ಎಂದು ಕೇಳಿದಾಗ ನಮ್ಮವರ ಕೈಲಿರುವ ಕಾಗದದಲ್ಲಿ ನಾಲ್ಕನೆಯದು ಬೇರೆಯೇ ಆಗಿರುತ್ತದೆ. ಇನ್ನೊಂದು, ಐದನೆಯ ಸಾಲಿನಲ್ಲಿ ಯಾರೂ ಏನೂ ಮಾಡಬೇಕಾಗಿಲ್ಲ ಎಂದು ಬಿಡಿಸಿ ಬರೆದಿದ್ದೇನೆ. ‘ಚರ್ಚಿಸಲಾಯಿತು’ ಎಂದಷ್ಟೇ ಬರೆದರೆ ಉತ್ಸಾಹಿಯೊಬ್ಬರು ಮಾರನೆಯ ದಿನವೇ ಹಳೆಯ ಲೇಬಲ್ ಕಿತ್ತು ಹಾಕುತ್ತಾರೆ.

ಔಷಧಿಯ ಹೆಸರಿನ ಬಗ್ಗೆ ಒಂದು ಮಾತು. ಅಂಗಡಿಯಲ್ಲಿ ಅದು ಹಲವು ವ್ಯಾಪಾರದ ಹೆಸರುಗಳಲ್ಲಿ ಸಿಗುತ್ತದೆ, ರೈತರಿಗೆ ಪರಿಚಯವಿರುವುದು ಆ ಹೆಸರುಗಳೇ. ನಡಾವಳಿಯಲ್ಲಿ ರಾಸಾಯನಿಕದ ಹೆಸರನ್ನೇ ಬರೆಯಬೇಕು, ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿರುವ ಆ ಹೆಸರನ್ನು ಮೇಲ್ವಿಚಾರಕರು ಓದಿ ತೋರಿಸಬೇಕು. ಒಂದು ವ್ಯಾಪಾರದ ಹೆಸರು ಬರೆದರೆ ಅದೊಂದೇ ಬೇಡ, ಉಳಿದವು ಆಗಬಹುದು ಎಂದಾಗುತ್ತದೆ.

ಪುಟ ಕಳಿಸಿದ ಮೇಲೆ ಕೆಲಸ ತಿರುಗಿ ಈ ಕಡೆಯಿಂದ ಶುರುವಾಗುತ್ತದೆ. ಮುಂದಿನ ಕರೆ ಜುಲೈ 1, ಮಂಗಳವಾರ, ಅದೇ ಐದೂವರೆಗೆ. ಅದಕ್ಕೆ ಮುಂಚೆ ಮೂರು ಕೇಂದ್ರಗಳಿಂದ ವಾಟ್ಸಾಪಿನಲ್ಲಿ ಧ್ವನಿ ಸಂದೇಶಗಳು ಬರುತ್ತವೆ. ‘ಆಗಿದೆ ಸರ್’, ‘ಆಗ್ತಾ ಇದೆ’, ‘ಹೇಳಿದೀನಿ ಸರ್, ಮಾಡ್ತಾರೆ’. ಇವನ್ನು ಇಂಗ್ಲಿಷಿಗೆ ಒಯ್ಯುವಾಗಲೂ ಅದೇ ನಿಷ್ಠೆ ಬೇಕು. ‘ಹೇಳಿದೀನಿ’ ಎಂಬುದು ಮುಗಿದ ಕೆಲಸವಲ್ಲ. ‘ಆಗ್ತಾ ಇದೆ’ ಎಂದವರಿಗೆ ಫೋನ್ ಮಾಡಿ ಎಷ್ಟು ತಾಕಿನ ಪುಟ ಸಿಕ್ಕಿತು, ಎಷ್ಟು ಬಾಕಿ ಎಂದು ಕೇಳಬೇಕು. ಆ ಎರಡು ಅಂಕಿಗಳನ್ನೇ ಇಂಗ್ಲಿಷಿನಲ್ಲಿ ಒಂದನೆಯ ಅಂಶದ ಎದುರು ಬರೆಯಬೇಕು. ಎರಡನೆಯ ಅಂಶದ ಎದುರು, ನಷ್ಟ ಯಾರದು ಎಂಬ ಪ್ರಶ್ನೆಗೆ ಉತ್ತರ ಬರುವವರೆಗೆ, ‘ಬಾಕಿ’ ಎಂದೇ ಬರೆದು, ಆ ಪ್ರಶ್ನೆಯನ್ನು ಜುಲೈ 1ರ ಕರೆಯ ಮೊದಲ ವಿಷಯವಾಗಿ ಇಡುವಂತೆ ವ್ಯವಸ್ಥಾಪಕರನ್ನು ಕೇಳಬೇಕು.